ಬೀಗ ಹಾಕಿದ ಲ್ಯಾಬು, ನಲವತ್ತು ರೂಪಾಯಿಯ ಸೆಲ್ಲು

ನಮ್ಮ ಕಡೆ ಶಾಲೆಗಳಲ್ಲಿ ಕಂಪ್ಯೂಟರ್ ಇಲ್ಲ ಅನ್ನುವುದು ಅರ್ಧ ಸುಳ್ಳು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳನ್ನು ಸುತ್ತಿದರೆ ಒಂದು ಕೋಣೆಯ ಮೇಲೆ 'ಕಂಪ್ಯೂಟರ್ ಕೊಠಡಿ' ಎಂಬ ಬೋರ್ಡು ಎಷ್ಟೋ ಕಡೆ ಸಿಗುತ್ತದೆ. ಕೋಣೆಗೆ ಬೀಗ ಇರುತ್ತದೆ. ಕಿಟಕಿಯಲ್ಲಿ ಇಣುಕಿದರೆ ಬಟ್ಟೆ ಹೊದಿಸಿದ ಮಾನಿಟರ್‌ಗಳು, ಮೂಲೆಯಲ್ಲಿ ಊದಿಕೊಂಡ ಯುಪಿಎಸ್ ಬ್ಯಾಟರಿಗಳು, ಗೋಡೆಯ ಮೇಲೆ ಉದ್ಘಾಟನೆ ಮಾಡಿದವರ ಹೆಸರಿರುವ ಫಲಕ. ಫಲಕ ಮಾತ್ರ ಚೆನ್ನಾಗಿರುತ್ತದೆ.

ಹೀಗಿದ್ದೂ ಪ್ರತಿ ವರ್ಷ ಬೇಡಿಕೆ ಪಟ್ಟಿಯಲ್ಲಿ ಮೊದಲು ಬರುವುದು 'ಹೊಸ ಲ್ಯಾಬ್ ಬೇಕು'. ಈಗ ಅದರ ಮೇಲೆ 'ಸ್ಮಾರ್ಟ್ ಕ್ಲಾಸ್ ಬೇಕು', 'ಕೋಡಿಂಗ್ ಕಲಿಸಬೇಕು' ಎಂಬುದೂ ಸೇರಿದೆ. ನನ್ನ ವಾದ ನೇರ. ಇರುವ ಲ್ಯಾಬಿನ ಬೀಗ ತೆಗೆಯದೆ ಹೊಸ ಲ್ಯಾಬ್ ಕೇಳುವವರು, ಕೊಡುವವರು ಇಬ್ಬರೂ ಮಕ್ಕಳಿಗೆ ಮೋಸ ಮಾಡುತ್ತಿದ್ದಾರೆ. ಇಪ್ಪತ್ತು ಹೊಸ ಯಂತ್ರಗಳ ಲ್ಯಾಬಿಗಿಂತ ವಾರಕ್ಕೆ ಮೂರು ಪೀರಿಯಡ್ ಬಾಗಿಲು ತೆರೆದಿರುವ ಐದು ಹಳೇ ಯಂತ್ರಗಳು ಮೇಲು. ಅದು ಹೇಗೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇನೆ.

ಬೀಗ ಯಾಕೆ ಬಿತ್ತು?

ಇದಕ್ಕೆ ಎರಡು ದಶಕಕ್ಕೂ ಹೆಚ್ಚಿನ ಚರಿತ್ರೆ ಇದೆ. 2000ದ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಆಮೇಲೆ ಕೇಂದ್ರದ ಐಸಿಟಿ ಯೋಜನೆ ಹಂತ ಹಂತವಾಗಿ ಬಂತು. ಎರಡರ ನಡೆಯೂ ಒಂದೇ: ಖಾಸಗಿ ಕಂಪನಿಗೆ ಗುತ್ತಿಗೆ. ಯಂತ್ರ ತರುವವರು ಅವರು, ಪಾಠ ಮಾಡುವ ಶಿಕ್ಷಕರನ್ನು ಕಡಿಮೆ ಸಂಬಳಕ್ಕೆ ನೇಮಿಸುವವರು ಅವರು, ಕೆಟ್ಟರೆ ರಿಪೇರಿ ಮಾಡಿಸುವವರೂ ಅವರು. ಗುತ್ತಿಗೆ ಮುಗಿದ ದಿನ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗುವುದು.

ಒಪ್ಪಿಸಿದ್ದು ಯಂತ್ರಗಳನ್ನು ಮಾತ್ರ. ಪಾಠ ಮಾಡುತ್ತಿದ್ದ ಹುಡುಗ ಹುಡುಗಿಯರು ಕೆಲಸ ಕಳೆದುಕೊಂಡು ಮನೆಗೆ ಹೋದರು. ಅಷ್ಟು ವರ್ಷ ಆ ಕೋಣೆಯನ್ನು ಹೊರಗಿನವರ ಕೋಣೆ ಎಂದೇ ನೋಡಿದ್ದ ಗಣಿತದ ಮೇಷ್ಟ್ರಿಗೆ, ವಿಜ್ಞಾನದ ಮೇಡಂಗೆ ಒಂದು ಯಂತ್ರವನ್ನು ಬಿಚ್ಚಿ ನೋಡುವ ಧೈರ್ಯವೂ ಬರಲಿಲ್ಲ, ಅಧಿಕಾರವೂ ಸಿಗಲಿಲ್ಲ. ಕೇರಳ ಮತ್ತು ಕರ್ನಾಟಕದ ಈ ಎರಡು ದಾರಿಗಳನ್ನು ಹೋಲಿಸಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಆಗಲೇ ಅಧ್ಯಯನ ಮಾಡಿತ್ತು. ಹೊರಗುತ್ತಿಗೆಯ ದಾರಿಯಲ್ಲಿ ಶಾಲೆಯ ಒಳಗೆ ಏನೂ ಉಳಿಯುವುದಿಲ್ಲ ಎಂಬುದು ಅದರ ಸಾರ. ಆ ಮಾತಿಗೆ ಸಾಕ್ಷಿ ಬೇಕಿದ್ದವರು ನಮ್ಮ ತಾಲ್ಲೂಕುಗಳ ಬೀಗಗಳನ್ನು ನೋಡಬಹುದು.

ಇನ್ನೊಂದು ಕಾರಣ ಸ್ಟಾಕ್ ರಿಜಿಸ್ಟರ್. ಪ್ರತಿ ಮೌಸು, ಪ್ರತಿ ಕೀಬೋರ್ಡು ಅದರಲ್ಲಿ ದಾಖಲಾಗಿರುತ್ತದೆ. ಮುಖ್ಯ ಶಿಕ್ಷಕರು ವರ್ಗವಾದಾಗ ಒಂದೊಂದನ್ನೂ ಎಣಿಸಿ ಚಾರ್ಜ್ ಕೊಡಬೇಕು. ಮಕ್ಕಳು ಮುಟ್ಟಿದರೆ ಕೆಡುತ್ತದೆ, ಕೆಟ್ಟರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕು. ಮುಟ್ಟದೆ ಹಾಗೇ ಇಟ್ಟು ಹತ್ತು ವರ್ಷಕ್ಕೆ ತುಕ್ಕು ಹಿಡಿದರೆ ಯಾರೂ ಕೇಳುವುದಿಲ್ಲ. 'ಬೀಗ ತೆಗ್ದು ಏನಾದ್ರೂ ಆದ್ರೆ ನನ್ ತಲೆ ಮ್ಯಾಲೆ ಬತ್ತದ ಕಣಪ್ಪ' ಎನ್ನುವ ಮುಖ್ಯ ಶಿಕ್ಷಕರನ್ನು ಬೈದು ಪ್ರಯೋಜನವಿಲ್ಲ. ನಿಯಮ ಅವರಿಗೆ ಕಲಿಸಿರುವುದೇ ಅದನ್ನು: ಬಳಸಿ ಕೆಡಿಸಿದರೆ ತಪ್ಪು, ಬಳಸದೆ ಕೆಡಿಸಿದರೆ ತಪ್ಪಲ್ಲ.

ಸತ್ತ ಯಂತ್ರಗಳು ನಿಜಕ್ಕೂ ಸತ್ತಿಲ್ಲ

ಮುಚ್ಚಿದ ಲ್ಯಾಬಿನಲ್ಲಿ 'ಕೆಟ್ಟಿದೆ' ಎಂದು ಬದಿಗಿಟ್ಟ ಯಂತ್ರಗಳಲ್ಲಿ ಹಲವಕ್ಕೆ ಆಗಿರುವುದು ಎರಡೇ ಸಣ್ಣ ಕಾಯಿಲೆ.

ಮೊದಲನೆಯದು ಸೆಲ್ಲು. ಪ್ರತಿ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲೆ ನಾಣ್ಯದ ಆಕಾರದ ಒಂದು ಸೆಲ್ ಇರುತ್ತದೆ. ಅದರ ಮೇಲೆ CR2032 ಎಂದು ಬರೆದಿರುತ್ತದೆ. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಕೆಲವು ವರ್ಷ ಯಂತ್ರ ಹಾಗೇ ಬಿದ್ದಿದ್ದರೆ ಅದು ಖಾಲಿಯಾಗುತ್ತದೆ. ಆಗ ಯಂತ್ರ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಇಂಗ್ಲಿಷ್ ಸಾಲುಗಳು ಬಂದು F1 ಒತ್ತಿ ಎಂದು ನಿಂತುಬಿಡುತ್ತದೆ. ನೋಡಿದವರು ಕೆಟ್ಟಿತು ಅಂದುಕೊಳ್ಳುತ್ತಾರೆ. F1 ಒತ್ತಿ ಮುಂದೆ ಹೋದರೂ ತಾರೀಖು ಎಷ್ಟೋ ವರ್ಷ ಹಿಂದಿನದಾಗಿರುತ್ತದೆ. ಅದರಿಂದ ಇನ್ನೊಂದು ತೊಂದರೆ: ಯಾವ ವೆಬ್‌ಸೈಟೂ ತೆರೆಯುವುದಿಲ್ಲ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ 'ಇಂಥ ದಿನದಿಂದ ಇಂಥ ದಿನದವರೆಗೆ' ಎಂಬ ಅವಧಿ ಇರುತ್ತದೆ, ಹಳೇ ತಾರೀಖಿನ ಯಂತ್ರಕ್ಕೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. 'ಇಂಟರ್‌ನೆಟ್ ಕೆಟ್ಟಿದೆ' ಎಂದು ಇನ್ನೊಂದು ದೂರು ಬರೆಯುತ್ತಾರೆ.

ಪರಿಹಾರಕ್ಕೆ ಸುಮಾರು ನಲವತ್ತು ರೂಪಾಯಿ ಸಾಕು. ಕೊಳ್ಳೇಗಾಲದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ವಾಚ್ ರಿಪೇರಿಯವರ ಹತ್ತಿರವೋ ಕೇಳಿದರೆ ಸಿಗುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಪಕ್ಕದ ತಗಡು ಬಿಚ್ಚಿ, ಸೆಲ್ಲಿನ ಪಕ್ಕದ ಪುಟ್ಟ ಕ್ಲಿಪ್ ಒತ್ತಿದರೆ ಹಳೆಯದು ಮೇಲೇಳುತ್ತದೆ. ಪ್ಲಸ್ ಗುರುತು ಮೇಲಿರುವಂತೆ ಹೊಸದನ್ನು ಕೂರಿಸಬೇಕು. ಆಮೇಲೆ ಆನ್ ಮಾಡಿದ ಕೂಡಲೇ F2 ಅಥವಾ Delete ಒತ್ತಿ ತಾರೀಖು ಸರಿಮಾಡಿ ಉಳಿಸಬೇಕು. ಸರಿಯಾಯಿತೇ ಎಂದು ತಿಳಿಯಲು ರಾತ್ರಿಯೆಲ್ಲ ಪ್ಲಗ್ ಕಿತ್ತಿಟ್ಟು ಮಾರನೇ ದಿನ ತಾರೀಖು ನೋಡಿ. ಸರಿಯಿದ್ದರೆ ಮುಗಿಯಿತು.

ಎರಡನೆಯದು ರ‍್ಯಾಮ್. ಫ್ಯಾನು ತಿರುಗುತ್ತದೆ, ಪರದೆ ಬರುವುದಿಲ್ಲ, ಕೆಲವೊಮ್ಮೆ ಬೀಪ್ ಬೀಪ್ ಎನ್ನುತ್ತದೆ. ಧೂಳು, ತೇವ ಸೇರಿ ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಪೊರೆ ಕಟ್ಟಿರುತ್ತದೆ. ಪಟ್ಟಿಯನ್ನು ತೆಗೆದು ಆ ಹಲ್ಲುಗಳನ್ನು ಮಕ್ಕಳು ಬಳಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಎರಡೂ ಕಡೆಯ ಕ್ಲಿಪ್ 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿದರೆ ಬಹಳ ಸಲ ಜೀವ ಬರುತ್ತದೆ.

ಇವೆರಡಕ್ಕೂ ಬಗ್ಗದ ಯಂತ್ರವನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ. ಊದಿದ ಯುಪಿಎಸ್ ಬ್ಯಾಟರಿಯನ್ನು ಮಾತ್ರ ಮುಟ್ಟಿಸಬೇಡಿ, ಅದು ಬ್ಯಾಟರಿ ಅಂಗಡಿಗೇ ಹೋಗಬೇಕು. ಮಾನಿಟರಿನ ಹಿಂಬದಿ ಮತ್ತು ಪವರ್ ಸಪ್ಲೈ ಡಬ್ಬಿಯನ್ನೂ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಈ ನಲವತ್ತು ರೂಪಾಯಿಗೆ ಹಣ ಎಲ್ಲಿಂದ ಅನ್ನುವ ಪ್ರಶ್ನೆ ಬರುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ದಾಖಲಾತಿಗೆ ತಕ್ಕಂತೆ ಸರ್ಕಾರಿ ಶಾಲೆಗಳಿಗೆ ಸಂಯುಕ್ತ ಶಾಲಾ ಅನುದಾನ ಬರುತ್ತದೆ. ಕೆಲಸ ಮಾಡದ ಉಪಕರಣ ಬದಲಿಸುವುದು, ಪ್ರಯೋಗಾಲಯ, ವಿದ್ಯುತ್, ಇಂಟರ್‌ನೆಟ್ ಖರ್ಚು ಇವೆಲ್ಲ ಆ ಅನುದಾನದ ಉದ್ದೇಶಗಳಲ್ಲೇ ಇವೆ. ಹಾಗಾಗಿ ಕೊರತೆ ಹಣದ್ದಲ್ಲ. 'ಸಣ್ಣ ರಿಪೇರಿಗೆ ನೀವು ಯಂತ್ರ ಬಿಚ್ಚಬಹುದು, ಬಳಸಿ ಕೆಟ್ಟರೆ ನಿಮ್ಮನ್ನು ಕೇಳುವುದಿಲ್ಲ' ಎಂದು ಬಿಇಒ ಕಚೇರಿಯಿಂದ ಒಂದು ಕಾಗದ ಬಂದಿಲ್ಲ, ಅಷ್ಟೇ.

ಏನೂ ಇಲ್ಲದ ಶಾಲೆಗೆ ಐದು ಯಂತ್ರ

ನಿಜವಾಗಿಯೂ ಏನೂ ಇಲ್ಲದ ಶಾಲೆಗಳೂ ಇವೆ, ಮುಖ್ಯವಾಗಿ ಹಿರಿಯ ಪ್ರಾಥಮಿಕ ಶಾಲೆಗಳು. ಅವರಿಗೂ ಹೊಸದು ಬೇಡ ಎನ್ನುತ್ತೇನೆ. ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯ, ಆದರೆ ಗಟ್ಟಿಮುಟ್ಟಾದ ಡೆಸ್ಕ್‌ಟಾಪುಗಳನ್ನು ಕಂಪನಿಗಳು, ಬ್ಯಾಂಕುಗಳು ಹೊರಹಾಕುತ್ತಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅವೇ ತುಂಬಿವೆ. ಕಂಪನಿಗೆ ಬೇಡವಾದ ಆ ಯಂತ್ರ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ಓಡುತ್ತದೆ.

ಲೆಕ್ಕ ಹೀಗೆ. ನಾಲ್ಕನೇ ತಲೆಮಾರಿನ ಐ3 ಅಥವಾ ಐ5 ಪ್ರೊಸೆಸರ್, 4 ಅಥವಾ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸಿಪಿಯು ಸುಮಾರು 6,000 ರೂಪಾಯಿ, ಹಳೇ ಎಲ್‌ಸಿಡಿ ಮಾನಿಟರ್ ಸುಮಾರು 2,000, ಕೀಬೋರ್ಡ್ ಮೌಸ್ 500. ಒಂದಕ್ಕೆ 8,500, ಐದಕ್ಕೆ 42,500. ವೈರಿಂಗ್, ಸ್ಪೈಕ್ ಬೋರ್ಡು ಸೇರಿ 45,000. ಬೆಲೆ ಏರಿಳಿಯುತ್ತದೆ, ಚೌಕಾಸಿ ಮಾಡಬೇಕು, ಆದರೆ ಅಳತೆ ಇದು. ಖರೀದಿಸುವಾಗ ಒಂದನ್ನು ಮಾತ್ರ ಬಿಡಬೇಡಿ: ಹಳೇ ತಿರುಗುವ ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿಯೇ ಇರಲಿ. ಹತ್ತು ವರ್ಷದ ಯಂತ್ರ ಆಮೆಯಂತೆ ಆಡುವುದಕ್ಕೆ ಹೆಚ್ಚಾಗಿ ಆ ಹಾರ್ಡ್‌ಡಿಸ್ಕೇ ಕಾರಣ.

ಕೆಲವರು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಬೋರ್ಡು ಅಗ್ಗ ಎಂದು ತರಿಸುತ್ತಾರೆ. ಅಡಾಪ್ಟರ್, ಕಾರ್ಡು, ಡಬ್ಬಿ, ಮಾನಿಟರ್ ಸೇರಿದರೆ ಬೆಲೆ ಅಷ್ಟೇ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಅದು ನಡೆಯುವುದು ಸಾಮಾನ್ಯವಾಗಿ ಮೆಮೊರಿ ಕಾರ್ಡಿನ ಮೇಲೆ. ಹೇಳದೆ ಕೇಳದೆ ಕರೆಂಟು ಹೋಗುವ ಹನೂರು ಕಡೆಯ ಶಾಲೆಯಲ್ಲಿ ಬರೆಯುತ್ತಿರುವಾಗಲೇ ಕರೆಂಟು ಹೋಗಿ ಕಾರ್ಡು ಕೆಡುವುದು ಮಾಮೂಲಿ. ನಮಗೆ ಅದು ಹೊಂದುವುದಿಲ್ಲ.

ಕರೆಂಟಿನ ಲೆಕ್ಕವೂ ದೊಡ್ಡದಲ್ಲ. ಇಂತಹ ಒಂದು ಯಂತ್ರ ಮಾನಿಟರ್ ಸಮೇತ ಸುಮಾರು 60 ವ್ಯಾಟ್ ಎಳೆಯುತ್ತದೆ, ಐದಕ್ಕೆ 300. ಮನೆಗಳಲ್ಲಿರುವಂತಹ ಒಂದು ಇನ್ವರ್ಟರ್ ಮತ್ತು 150 ಎಎಚ್ ಬ್ಯಾಟರಿ ಇದ್ದರೆ ಮೂರು ಗಂಟೆ ನಡೆಯುತ್ತದೆ. ಇಪ್ಪತ್ತು ಯಂತ್ರದ ಲ್ಯಾಬಿಗೆ ಬೇಕಾಗುವ ದೊಡ್ಡ ಯುಪಿಎಸ್ಸು, ಅದರ ಬ್ಯಾಟರಿ ಸಾಲು, ಎರಡು ಮೂರು ವರ್ಷಕ್ಕೊಮ್ಮೆ ಅವನ್ನು ಬದಲಿಸುವ ಖರ್ಚು, ಇದೇ ಲ್ಯಾಬನ್ನು ಮೊದಲು ಕೊಲ್ಲುವುದು. ಐದು ಯಂತ್ರದ ಲ್ಯಾಬಿಗೆ ಆ ರೋಗ ಬರುವುದೇ ಇಲ್ಲ.

'ನಲವತ್ತು ಮಕ್ಕಳಿಗೆ ಐದು ಯಂತ್ರವೇ?' ಎಂದು ಕೇಳಿ. ನಲವತ್ತು ಮಕ್ಕಳನ್ನು ಮೂರು ತಂಡ ಮಾಡಿ. ಒಂದು ಯಂತ್ರಕ್ಕೆ ಮೂವರು. ವಾರಕ್ಕೆ ಒಂದು ತಂಡಕ್ಕೆ ಒಂದು ಪೀರಿಯಡ್. ನಲವತ್ತು ನಿಮಿಷದಲ್ಲಿ ಪ್ರತಿ ಮಗುವಿನ ಕೈಗೆ ಕೀಬೋರ್ಡು ಹದಿಮೂರು ನಿಮಿಷ ಸಿಗುತ್ತದೆ. ಉಳಿದ ಇಪ್ಪತ್ತೇಳು ನಿಮಿಷ ಪಕ್ಕದವನ ತಪ್ಪು ಹಿಡಿಯುವ ಕೆಲಸ, ಅದೂ ಕಲಿಕೆಯೇ. ಲಕ್ಷಗಟ್ಟಲೆ ಬೆಲೆಯ ಸ್ಮಾರ್ಟ್ ಬೋರ್ಡಿನ ಮುಂದೆ ಕೂತ ಮಗುವಿಗೆ ಕೀಬೋರ್ಡು ಸಿಗುವುದು ಸೊನ್ನೆ ನಿಮಿಷ. ಅದು ದೊಡ್ಡ ಟಿವಿ. ಅದನ್ನು ಕಂಪ್ಯೂಟರ್ ಶಿಕ್ಷಣ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು.

ಕಲಿಸುವುದು ಏನನ್ನು?

ಬಾಗಿಲು ತೆರೆದ ಲ್ಯಾಬುಗಳಲ್ಲೂ ನಡೆಯುವುದು ಹೆಚ್ಚಾಗಿ ಬಾಯಿಪಾಠ. ಕಂಪ್ಯೂಟರ್ ಎಂದರೇನು, ಸಿಪಿಯು ವಿಸ್ತರಿಸಿ, ಕಂಪ್ಯೂಟರ್ ಪಿತಾಮಹ ಯಾರು. ಇನ್ನು ಪೇಟೆಯ ಟ್ಯೂಷನ್ ಸೆಂಟರುಗಳಲ್ಲಿ ಒಂದಿಷ್ಟು ಆಫೀಸ್ ಪಾಠ, ಕೊನೆಗೊಂದು ಸರ್ಟಿಫಿಕೇಟು. ಇವೆರಡರ ಬದಲು ನಾನು ಹೇಳುವ ಕ್ರಮ ಎರಡೇ ಹೆಜ್ಜೆಯದು: ಮೊದಲು ಕನ್ನಡ ಟೈಪಿಂಗ್, ಆಮೇಲೆ ಆಮೆ.

ಮೊದಲ ನಾಲ್ಕೈದು ವಾರ ಮಗು ತನ್ನ ಹೆಸರು, ಊರು, ಮನೆ ಮಂದಿಯ ಬಗ್ಗೆ ಕನ್ನಡದಲ್ಲಿ ಟೈಪ್ ಮಾಡಲಿ, ಉಳಿಸಲಿ, ಮುಂದಿನ ವಾರ ಹುಡುಕಿ ತೆರೆಯಲಿ. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಯಾವುದಾದರೂ ಸರಿ, ಒಮ್ಮೆ ಇಂಟರ್‌ನೆಟ್ ಸಿಕ್ಕಾಗ ಮೇಷ್ಟ್ರ ಮೊಬೈಲ್ ಹಾಟ್‌ಸ್ಪಾಟಿನಿಂದ ಇದಿಷ್ಟನ್ನು ಹಾಕಿಬಿಟ್ಟರೆ ಆಮೇಲೆ ಇಂಟರ್‌ನೆಟ್ ಬೇಕಿಲ್ಲ:

```
sudo apt install ibus-m17n fonts-knda python3-tk geany
```

ಮೊದಲನೆಯದು ಕನ್ನಡ ಕೀಲಿಮಣೆ. ಅದರ ಸೆಟ್ಟಿಂಗಿನಲ್ಲಿ ಕನ್ನಡದ kgp ಆರಿಸಿಕೊಂಡರೆ ನುಡಿಯಲ್ಲಿ ಟೈಪ್ ಮಾಡುವ, ಕೆ.ಪಿ. ರಾವ್ ಅವರಿಂದ ಬಂದ ವಿನ್ಯಾಸವೇ ಸಿಗುತ್ತದೆ. ತಾಲ್ಲೂಕು ಕಚೇರಿಯಲ್ಲಿ, ಡಿಟಿಪಿ ಅಂಗಡಿಯಲ್ಲಿ ಬಳಸುವುದು ಅದೇ ಆದ್ದರಿಂದ ಕಲಿತದ್ದು ವ್ಯರ್ಥವಾಗುವುದಿಲ್ಲ. ಎರಡನೆಯದರಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಗಳು ಬರುತ್ತವೆ. ಉಳಿದೆರಡು ಮುಂದಿನ ಪಾಠಕ್ಕೆ. ಈ ಹಂತ ಮುಗಿಯಿತೇ ಎಂದು ತಿಳಿಯಲು ಪರೀಕ್ಷೆ ಬೇಡ. ಹೋದ ವಾರ ಉಳಿಸಿದ ಕಡತವನ್ನು ಯಾರನ್ನೂ ಕೇಳದೆ ಹುಡುಕಿ ತೆರೆದ ಮಗು ಪಾಸು. ಮೊಬೈಲಿನಲ್ಲಿ ಪಳಗಿದ ಮಕ್ಕಳೇ ಇಲ್ಲಿ ಎಡವುತ್ತಾರೆ. ಮೊಬೈಲು ಕಡತ ಎಲ್ಲಿದೆ ಎಂಬುದನ್ನು ತೋರಿಸುವುದೇ ಇಲ್ಲವಲ್ಲ.

ಇನ್ನು ಆಮೆ. ಪರದೆಯ ಮೇಲೆ ಪೆನ್ನು ಹಿಡಿದ ಆಮೆಯೊಂದಕ್ಕೆ ಮುಂದೆ ಹೋಗು, ತಿರುಗು ಎಂದು ಆಜ್ಞೆ ಕೊಟ್ಟು ಚಿತ್ರ ಬರೆಸುವುದು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಹಳೆಯ, ಪಳಗಿದ ದಾರಿ. ಪೈಥಾನ್ ಭಾಷೆಯಲ್ಲಿ ಅದು ಸಿದ್ಧವಾಗಿಯೇ ಇದೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ ಎಂದರೆ ಪೈಥಾನ್ 3ರಲ್ಲಿ ನಾವು ಕೊಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ಶಿಕ್ಷಕರು ಒಮ್ಮೆ ಈ ಕಡತವನ್ನು `aame.py` ಎಂಬ ಹೆಸರಿನಲ್ಲಿ ಬರೆದಿಡಲಿ:

```python
from turtle import *

def ಮುಂದೆ(ದೂರ):
    forward(ದೂರ)

def ಬಲಕ್ಕೆ(ಕೋನ):
    right(ಕೋನ)
```

ಅದೇ ಫೋಲ್ಡರಿನಲ್ಲಿ ಮಗು ತನ್ನ ಕಡತ ಬರೆಯುತ್ತದೆ. ಹೆಸರು `chauka.py` ಇರಲಿ:

```python
from aame import *

for i in range(4):
    ಮುಂದೆ(100)
    ಬಲಕ್ಕೆ(90)

done()
```

ಟರ್ಮಿನಲ್‌ನಲ್ಲಿ `python3 chauka.py` ಎಂದರೆ ಚೌಕ ಬರುತ್ತದೆ. ಈಗ ತ್ರಿಕೋನ ಬರೆಯಿರಿ ಎನ್ನಿ. ಸಮಬಾಹು ತ್ರಿಕೋನದ ಕೋನ 60 ಎಂದು ಪುಸ್ತಕದಲ್ಲಿ ಓದಿದ ಮಗು 4ನ್ನು 3 ಮಾಡಿ, 90ನ್ನು 60 ಮಾಡುತ್ತದೆ. ತ್ರಿಕೋನ ಬರುವುದಿಲ್ಲ. ಮೂರು ಗೆರೆ ಬಂದು ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಇಲ್ಲಿ ಶಿಕ್ಷಕರು ಉತ್ತರ ಹೇಳಬಾರದು. 3ನ್ನು 6 ಮಾಡಿ ನೋಡು ಎನ್ನಬೇಕು. ಆಗ ಗೆರೆ ಕೂಡಿ ಷಟ್ಕೋನವಾಗುತ್ತದೆ. ಮಗುವನ್ನು ಅಂಗಳಕ್ಕೆ ಕರೆದೊಯ್ದು ಸೀಮೆಸುಣ್ಣದ ತ್ರಿಕೋನದ ಮೇಲೆ ನಡೆಸಿದರೆ ಗುಟ್ಟು ಕಾಲಿಗೇ ತಿಳಿಯುತ್ತದೆ: ಮೂಲೆಯಲ್ಲಿ ಆಮೆ ತಿರುಗುವುದು ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು. ಅಂದರೆ 120. ಸುತ್ತು ಹಾಕಿ ಮೊದಲಿದ್ದ ದಿಕ್ಕಿಗೇ ಬರಬೇಕಾದರೆ ಒಟ್ಟು 360 ತಿರುಗಬೇಕು. ಮೂರು ಸಲ 120, ನಾಲ್ಕು ಸಲ 90, ಆರು ಸಲ 60. ಏಳು ಬಾಹುವಿಗೆ? `360/7` ಎಂದೇ ಬರೆ, ಲೆಕ್ಕ ಯಂತ್ರ ಮಾಡಿಕೊಳ್ಳಲಿ. ಐದು ಸಲ 144 ಕೊಟ್ಟರೆ ನಕ್ಷತ್ರ, ಏಕೆಂದರೆ ಅದು ಎರಡು ಪೂರ್ತಿ ಸುತ್ತು.

ಬಹುಭುಜಾಕೃತಿಯ ಹೊರಕೋನಗಳ ಮೊತ್ತ 360 ಎಂದು ಪ್ರೌಢಶಾಲೆಯ ಗಣಿತದಲ್ಲಿ ಇದ್ದೇ ಇದೆ. ಅದಕ್ಕೇ ಈ ಪಾಠ ಗಣಿತದ ಮೇಷ್ಟ್ರ ಪೀರಿಯಡ್ಡಿನಲ್ಲೇ ನಡೆಯಬೇಕು, ಹೊರಗಿನ ಕಂಪ್ಯೂಟರ್ ಮೇಷ್ಟ್ರು ಬೇಕಿಲ್ಲ ಎನ್ನುವುದು. ಮನೆಯಲ್ಲಿ ಮಗ್ಗ ಇರುವ ಕೊಳ್ಳೇಗಾಲದ ಮಗುವಿಗಂತೂ `for` ಹೊಸದಲ್ಲ. ಸೀರೆಯ ಅಂಚಿನಲ್ಲಿ ಒಂದೇ ಬುಟ್ಟಾ ಮತ್ತೆ ಮತ್ತೆ ಬರುವುದು ಹೀಗೇ. ಜಕಾರ್ಡ್ ಮಗ್ಗದ ತೂತಿನ ಅಟ್ಟೆಗಳನ್ನು ನೋಡಿಯೇ ಚಾರ್ಲ್ಸ್ ಬ್ಯಾಬೇಜ್ ತನ್ನ ಯಂತ್ರಕ್ಕೂ ಅಂಥ ಅಟ್ಟೆಯಿಂದಲೇ ಆಜ್ಞೆ ಕೊಡಬೇಕೆಂದು ಯೋಚಿಸಿದ್ದು.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ, ಮೂರೇ ಇವೆ. ಒಂದು, ಯಾವ ಮಗುವೂ ತನ್ನ ಕಡತಕ್ಕೆ `turtle.py` ಎಂದು ಹೆಸರಿಡಬಾರದು. ಇಟ್ಟರೆ ಪೈಥಾನ್ ನಿಜವಾದ ಆಮೆಯ ಬದಲು ಆ ಕಡತವನ್ನೇ ಎತ್ತಿಕೊಂಡು, ಆ ಫೋಲ್ಡರಿನ ಎಲ್ಲರ ಪ್ರೋಗ್ರಾಮೂ ಕೆಡುತ್ತದೆ. ಎಲ್ಲರದೂ ಒಟ್ಟಿಗೆ ಕೆಟ್ಟರೆ ಮೊದಲು ಹುಡುಕಬೇಕಾದ್ದು ಇದನ್ನೇ. ಎರಡು, ಪೈಥಾನ್ ಜೊತೆ ಬರುವ ಐಡಲ್ ಮತ್ತು ಥಾನಿ ಎಂಬ ಎಡಿಟರ್‌ಗಳಲ್ಲಿ, ಲಿನಕ್ಸ್‌ನಲ್ಲಿ, ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ. ಪ್ರೋಗ್ರಾಮ್ ಓಡುತ್ತದೆ, ಓದಲು ಆಗುವುದಿಲ್ಲ. ಅದಕ್ಕೇ ಗೀನಿ ಎಡಿಟರ್ ಹಾಕಿಸಿದ್ದು. ಮೂರು, 'ಪೆನ್‌ಎತ್ತು' ಎಂಬಂತಹ ಹೆಸರಿನಲ್ಲಿ ನ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿರುತ್ತದೆ. ಪೈಥಾನ್ ಅದನ್ನು ಒಪ್ಪುವುದಿಲ್ಲ, U+200C ಎಂದು ದೂರುತ್ತದೆ. ಬರೀ 'ಎತ್ತು' ಎಂದು ಹೆಸರಿಟ್ಟರೆ ಮುಗಿಯಿತು.

ಇಂಗ್ಲಿಷ್ ಬೇಡವೇ?

ಈ ಪ್ರಶ್ನೆ ಬಂದೇ ಬರುತ್ತದೆ. ಮೇಲಿನ ಪ್ರೋಗ್ರಾಮ್ ಮತ್ತೆ ನೋಡಿ. for, in, range, import ಇಂಗ್ಲಿಷಿನಲ್ಲೇ ಇವೆ, ತಪ್ಪಾದಾಗ ಬರುವ ಸಂದೇಶವೂ ಇಂಗ್ಲಿಷೇ. ಮಗು ಅವನ್ನು ಕಲಿಯುತ್ತದೆ. ಆದರೆ ಆರನೇ ತರಗತಿಯ ಮಗು ಒಂದೇ ಸಲ ಹೊಸ ಭಾಷೆ, ಹೊಸ ಯಂತ್ರ, ಹೊಸ ಯೋಚನೆ ಮೂರರ ಜೊತೆಯೂ ಗುದ್ದಾಡಬೇಕಿಲ್ಲ. ಒಂದು ತಿಂಗಳಾದ ಮೇಲೆ `aame.py` ತೆರೆದು ತೋರಿಸಿ: ನೀನು 'ಮುಂದೆ' ಎಂದದ್ದು ಒಳಗೆ forward. ಆಮೇಲೆ ಅದು ಬೇಕಿದ್ದನ್ನು ಬರೆಯಲಿ. ಜೊತೆಗೆ ತನ್ನದೇ ಆಜ್ಞೆಯನ್ನು ತಾನೇ ಮಾಡಿಕೊಳ್ಳಬಹುದು ಎಂಬ ದೊಡ್ಡ ಪಾಠವೂ ಆದಂತಾಯಿತು.

ಕನ್ನಡದಲ್ಲಿ ಇದೆಲ್ಲ ಆಗುವುದಿಲ್ಲ ಎನ್ನುವವರು ಕಾಸರಗೋಡಿನ ಕಡೆ ನೋಡಲಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕೇರಳ ಸರ್ಕಾರ ಮುದ್ರಿಸಿ ಕೊಡುತ್ತದೆ. ಕೇರಳದಲ್ಲಿ 'ಐಟಿ ಅಟ್ ಸ್ಕೂಲ್' ಶುರುವಾದದ್ದು ನಮ್ಮ ಮಾಹಿತಿ ಸಿಂಧುವಿನ ಕಾಲದಲ್ಲೇ. ಅವರು ಗುತ್ತಿಗೆಗೆ ಕೊಡದೆ ಶಾಲೆಯಲ್ಲಿರುವ ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟರು, ಉಚಿತ ತಂತ್ರಾಂಶಕ್ಕೆ ಬಂದರು, ಎಸ್ಸೆಸ್ಸೆಲ್ಸಿಯಲ್ಲಿ ಐಟಿಯನ್ನು ಪರೀಕ್ಷೆಯ ವಿಷಯ ಮಾಡಿದರು. 2018ರಲ್ಲಿ 'ಲಿಟಲ್ ಕೈಟ್ಸ್' ಎಂದು ಮಕ್ಕಳ ಗುಂಪನ್ನೇ ಕಟ್ಟಿದರು. ಅವರಿಗೆ ಹಣವೂ ಹೆಚ್ಚು ಸಿಕ್ಕಿತು, ಅದನ್ನು ಮರೆಮಾಚುವುದಿಲ್ಲ. ಆದರೆ 'ಯಾರು ಕಲಿಸಬೇಕು' ಎಂಬುದಕ್ಕೆ ಅವರು ಕೊಟ್ಟ ಉತ್ತರಕ್ಕೆ ಹಣ ಬೇಕಿರಲಿಲ್ಲ. ನಮ್ಮಲ್ಲೂ 2016ರ ನಂತರ ಟಾಲ್ಪ್ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ವಿಷಯ ಶಿಕ್ಷಕರಿಗೆ ತರಬೇತಿ ಆಗಿದೆ. ತರಬೇತಿ ಪಡೆದವರು ಶಾಲೆಯಲ್ಲಿದ್ದಾರೆ, ವೇಳಾಪಟ್ಟಿಯಲ್ಲಿ ಅವರಿಗೆ ಪೀರಿಯಡ್ ಇಲ್ಲ.

ಇಲ್ಲಿ ನನ್ನ ಯೋಜನೆಯ ನಿಜವಾದ ಮಿತಿಯೂ ಇದೆ. ಹದಿನೈದು ಮಕ್ಕಳು ಲ್ಯಾಬಿನಲ್ಲಿದ್ದಾಗ ಉಳಿದ ಇಪ್ಪತ್ತೈದು ಮಕ್ಕಳನ್ನು ನೋಡಲು ಇನ್ನೊಬ್ಬರು ಬೇಕು. ಗ್ರಾಫ್ ಹಾಳೆಯಲ್ಲಿ ಆಮೆಯ ದಾರಿ ಬರೆಯುವ ಕೆಲಸ ಕೊಟ್ಟು ಪಕ್ಕದ ತರಗತಿಯ ಶಿಕ್ಷಕರು ನೋಡಿಕೊಳ್ಳಬಹುದು. ಇಬ್ಬರೇ ಶಿಕ್ಷಕರಿರುವ ಕಾಡಂಚಿನ ಶಾಲೆಯಲ್ಲಿ ಅದು ಆಗದ ಮಾತು. ಅಂಥ ಕಡೆ ಯಂತ್ರ ಕೊಡುವ ಮೊದಲು ಶಿಕ್ಷಕರನ್ನು ಕೊಡಿ. ಶಿಕ್ಷಕರಿಲ್ಲದ ಶಾಲೆಗೆ ಲ್ಯಾಬ್ ದಾನ ಮಾಡುವುದು ಕಾಲಿಲ್ಲದವನಿಗೆ ಸೈಕಲ್ ಕೊಟ್ಟಂತೆ.

ಹಾಗಾದರೆ ಬೇಡಿಕೆ ಏನು? ಮೂರು. ಬಳಸಿ ಕೆಟ್ಟ ಯಂತ್ರಕ್ಕೆ ಮುಖ್ಯ ಶಿಕ್ಷಕರು ಹೊಣೆಯಲ್ಲ, ಸಣ್ಣ ರಿಪೇರಿಗೆ ಶಾಲಾ ಅನುದಾನ ಬಳಸಬಹುದು ಎಂದು ಬಿಇಒ ಲಿಖಿತ ಸೂಚನೆ ಕೊಡಲಿ. ಗಣಿತ ಅಥವಾ ವಿಜ್ಞಾನ ಶಿಕ್ಷಕರೊಬ್ಬರ ವೇಳಾಪಟ್ಟಿಯಲ್ಲಿ ವಾರಕ್ಕೆ ಮೂರು ಪೀರಿಯಡ್ ಲ್ಯಾಬಿಗೆಂದೇ ಬರೆಯಲಿ. ಲ್ಯಾಬಿನ ಬಾಗಿಲಿಗೆ ಒಂದು ಪುಸ್ತಕ ಕಟ್ಟಲಿ: ತೆರೆದ ಹೊತ್ತು, ಮುಚ್ಚಿದ ಹೊತ್ತು, ಒಳಗಿದ್ದ ಮಕ್ಕಳ ಸಂಖ್ಯೆ. ಎಸ್‌ಡಿಎಂಸಿ ಸಭೆಯಲ್ಲಿ ಆ ಪುಸ್ತಕ ಓದಲಿ. ಇದುವರೆಗೆ ನಾವು ಯಂತ್ರಗಳನ್ನು ಎಣಿಸಿದ್ದು ಸಾಕು, ಇನ್ನು ಗಂಟೆಗಳನ್ನು ಎಣಿಸೋಣ.

ಈ ಪುಟವನ್ನು ಓದುವ ನಮ್ಮ ತಾಲ್ಲೂಕು ವರದಿಗಾರ ಗೆಳೆಯರಿಗೆ ಕೊನೆಯ ಮಾತು. ಲ್ಯಾಬ್ ಉದ್ಘಾಟನೆಯ ಪತ್ರಿಕಾ ಪ್ರಕಟಣೆ ನಿಮ್ಮ ವಾಟ್ಸ್‌ಆ್ಯಪ್‌ಗೆ ಫೋಟೊ ಸಮೇತ ತಾನಾಗಿ ಬರುತ್ತದೆ. ಅದೇ ಶಾಲೆಗೆ ಆರು ತಿಂಗಳ ನಂತರ ಹೇಳದೆ ಹೋಗಿ. ಬೀಗದ ಕೈ ಯಾರ ಹತ್ತಿರ ಇದೆ, ಕೊನೆಯ ಸಲ ಬಾಗಿಲು ತೆರೆದದ್ದು ಯಾವತ್ತು, ಯಂತ್ರದ ತಾರೀಖು ಇವತ್ತಿನದನ್ನೇ ತೋರಿಸುತ್ತಿದೆಯೇ ಎಂದು ನೋಡಿ. ಒಂದು ಮಗುವನ್ನು ಕರೆದು ಹೋದ ವಾರದ ನಿನ್ನ ಕಡತ ತೆಗೆದು ತೋರಿಸು ಕಂದ ಎನ್ನಿ. ಸಿಕ್ಕಿದ್ದನ್ನು ಬರೆಯಿರಿ, ಊರಿನ ಹೆಸರು ಸಮೇತ.